ದೊಡ್ಡಮ್ಮನ ತೊಡೆಯ ಮೇಲೆ ಎಳೆದ ಪೆನ್ನಿನ ಗೆರೆ

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ದೊಡ್ಡಮ್ಮನ ಎಡ ತೊಡೆ. ಹೊರಬದಿಯಲ್ಲಿ ಅಂಗೈ ಅಗಲದಷ್ಟು ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಆರು ಗಂಟೆಗೆ ಬಚ್ಚಲುಮನೆಯಲ್ಲಿ ಕಾಲು ಜಾರಿ, ನೀರಿನ ತೊಟ್ಟಿಯ ಕಟ್ಟೆಗೆ ತೊಡೆ ಬಡಿದಿದ್ದರು. ತಾವೇ ಎದ್ದು ಬಂದು ಕಾಫಿ ಕುಡಿದಿದ್ದರು. ಫೋಟೋದ ಕೆಳಗೆ ಅಣ್ಣ ಬರೆದಿದ್ದ, "ಸ್ವಲ್ಪ ಕಂದಿದೆ ಅಷ್ಟೆ, ನಡೆದಾಡ್ತಿದ್ದಾರೆ."

ದೊಡ್ಡಮ್ಮನಿಗೆ 76 ವರ್ಷ. ಹೃದಯದ ಬಡಿತ ತಾಳ ತಪ್ಪುವ ತೊಂದರೆ ಇದೆ. ಅದಕ್ಕೆ ನಾಲ್ಕು ವರ್ಷದಿಂದ ರಾತ್ರಿ ಒಂದು ಅಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲರೂ "ರಕ್ತ ತೆಳುವಾಗೋ ಮಾತ್ರೆ" ಅನ್ನುವುದು ಇದಕ್ಕೇ. ಅವರ ಮನೆ ಇರುವುದು ಎರಡು ಬೀದಿ ಆಚೆ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹೋಗುವಷ್ಟರಲ್ಲಿ ಅತ್ತಿಗೆ ಎಳ್ಳೆಣ್ಣೆ ಬಿಸಿ ಮಾಡುತ್ತಿದ್ದರು. ಪಕ್ಕದಲ್ಲಿ ಬಿಸಿನೀರಿನ ಚೀಲವೂ ಇತ್ತು. ಪ್ರೀತಿಯಿಂದ ಮಾಡುತ್ತಿದ್ದ ಕೆಲಸ. ಆದರೆ ಆ ಹೊತ್ತಿಗೆ ಅವೆರಡೂ ಆಗಬಾರದ ಕೆಲಸಗಳು.

ಯಾಕೆ ಅಂತ ತಿಳಿಯಬೇಕಾದರೆ ಚರ್ಮದ ಕೆಳಗೆ ಏನಾಗುತ್ತಿದೆ ಎಂದು ನೋಡಬೇಕು. ಪೆಟ್ಟು ಬಿದ್ದಾಗ ಸಣ್ಣ ರಕ್ತನಾಳಗಳು ಒಡೆಯುತ್ತವೆ. ರಕ್ತ ಹೊರಗೆ ಬರುವುದಿಲ್ಲ, ಚರ್ಮ ಮತ್ತು ಸ್ನಾಯುವಿನ ನಡುವೆ ಹರಡುತ್ತದೆ. ಆರೋಗ್ಯವಂತರಲ್ಲಿ ಒಡೆದ ಬಾಯಿಗೆ ಕೆಲವೇ ನಿಮಿಷದಲ್ಲಿ ಹೆಪ್ಪು ಕೂತು ಸೋರಿಕೆ ನಿಲ್ಲುತ್ತದೆ. ಈ ಮಾತ್ರೆಗಳು ರಕ್ತವನ್ನು ನಿಜವಾಗಿ ತೆಳು ಮಾಡುವುದಿಲ್ಲ. ಹೆಪ್ಪು ಕೂರುವುದನ್ನು ತಡ ಮಾಡುತ್ತವೆ, ಅಷ್ಟೆ. ಹಾಗಾಗಿ ಐದು ನಿಮಿಷದಲ್ಲಿ ನಿಲ್ಲಬೇಕಾದ ಸೋರಿಕೆ ಗಂಟೆಗಟ್ಟಲೆ ಸಾಗಬಹುದು. ಅದರ ಮೇಲೆ ವಯಸ್ಸು ಬೇರೆ. ಎಪ್ಪತ್ತು ದಾಟಿದವರ ಚರ್ಮ ತೆಳ್ಳಗಾಗಿರುತ್ತದೆ, ಕೆಳಗಿನ ಕೊಬ್ಬಿನ ಪದರ ಕರಗಿರುತ್ತದೆ, ನಾಳಗಳಿಗೆ ಆಸರೆ ಕಡಿಮೆ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ, ಇದನ್ನು ಮನೆಯವರು ತಿಳಿದಿದ್ದರೆ ಆಸ್ಪತ್ರೆಯಲ್ಲಿ ತುಂಬಾ ಸಹಾಯ. ಅಸಿಟ್ರಾಮ್ ಮತ್ತು ವಾರ್ಫರಿನ್ ಒಂದು ಗುಂಪು. ಇವುಗಳ ಪರಿಣಾಮ ಐಎನ್‌ಆರ್ ಎಂಬ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ದೊಡ್ಡಮ್ಮನಂಥವರಿಗೆ ಅದು 2ರಿಂದ 3ರೊಳಗೆ ಇರಬೇಕು. ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಾಟ್ರಾನ್ ಇನ್ನೊಂದು ಗುಂಪು. ಇವಕ್ಕೆ ತಿಂಗಳು ತಿಂಗಳು ಪರೀಕ್ಷೆ ಬೇಕಿಲ್ಲ. ಜೆನೆರಿಕ್ ಬಂದು ಬೆಲೆ ಇಳಿದ ಮೇಲೆ ಇವನ್ನು ತೆಗೆದುಕೊಳ್ಳುವವರು ಜಾಸ್ತಿಯಾಗಿದ್ದಾರೆ. ಮೂರನೆಯದು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್, ಸ್ಟೆಂಟ್ ಹಾಕಿಸಿಕೊಂಡವರು ಎರಡನ್ನೂ ಒಟ್ಟಿಗೆ ನುಂಗುತ್ತಿರುತ್ತಾರೆ. ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗುವುದು ಎಲ್ಲಕ್ಕಿಂತ ಸುಲಭ.

"ಅತ್ತಿಗೆ, ಎಣ್ಣೆ ಬೇಡ, ನೀವಬೇಡಿ," ಅಂದೆ. ನೀವಿದರೆ ಆಗಷ್ಟೇ ಕೂರುತ್ತಿರುವ ಹೆಪ್ಪು ಕಿತ್ತು ಹೋಗುತ್ತದೆ. ಶಾಖ ಕೊಟ್ಟರೆ ನಾಳಗಳು ಹಿಗ್ಗಿ ರಕ್ತ ಇನ್ನಷ್ಟು ಹರಿಯುತ್ತದೆ. ಉಳುಕಿದ ಹಳೆಯ ನೋವಿಗೆ ಇವು ಹಿತವಾಗಿರಬಹುದು. ಆಗಷ್ಟೇ ಬಿದ್ದ ಪೆಟ್ಟಿಗೆ, ಅದರಲ್ಲೂ ಈ ಮಾತ್ರೆ ನುಂಗುವವರಿಗೆ, ಮೊದಲ ಎರಡು ಮೂರು ದಿನ ಶಾಖವೂ ಬೇಡ, ಮಾಲೀಶೂ ಬೇಡ.

ಬೇಕಾದದ್ದು ತಂಪು. ಇದನ್ನು ಮಾಡುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಐಸ್‌ನಿಂದಲೂ ವಯಸ್ಸಾದವರ ಚರ್ಮ ಹಾಳಾಗುತ್ತದೆ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸ್ವಲ್ಪ ನೀರು ಸೇರಿಸಿ, ಗಾಳಿ ತೆಗೆದು ಗಂಟು ಹಾಕಬೇಕು. ನೀರು ಸೇರಿಸಿದರೆ ಚೀಲ ತೊಡೆಯ ಆಕಾರಕ್ಕೆ ಹೊಂದಿಕೊಂಡು ಕೂರುತ್ತದೆ. ಫ್ರೀಜರಿನಲ್ಲಿರುವ ಬಟಾಣಿ ಪ್ಯಾಕೆಟ್ಟೂ ಆಗುತ್ತದೆ. ಚರ್ಮದ ಮೇಲೆ ಮೊದಲು ಒಂದು ತೆಳು ಟವೆಲ್, ಅದರ ಮೇಲೆ ಚೀಲ. ಒಮ್ಮೆಗೆ ಹತ್ತರಿಂದ ಹದಿನೈದು ನಿಮಿಷ. ಆಮೇಲೆ ತೆಗೆದು ಎರಡು ಮೂರು ಗಂಟೆ ಬಿಟ್ಟು ಮತ್ತೆ. ಎಚ್ಚರವಾಗಿರುವಾಗ ಮಾತ್ರ. ಕಾಲಿನ ಮೇಲೆ ಐಸ್ ಇಟ್ಟುಕೊಂಡು ನಿದ್ದೆ ಹೋಗಬಾರದು. ಹೀಗೆ ಮೊದಲ ಎರಡು ದಿನ.

ಇಟ್ಟ ಐದು ನಿಮಿಷಕ್ಕೆ ಒಮ್ಮೆ ಎತ್ತಿ ಚರ್ಮ ನೋಡಬೇಕು. ತಿಳಿಗೆಂಪು ಆಗಿದ್ದರೆ ಪರವಾಗಿಲ್ಲ. ಬಿಳಿಚಿಕೊಂಡು ಮೇಣದಂತೆ ಕಂಡರೆ, ಮರಗಟ್ಟಿದ ಹಾಗಿದ್ದರೆ ತಕ್ಷಣ ತೆಗೆಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಚೆನ್ನಾಗಿ ಕಾಣುವುದಿಲ್ಲ. ಅಲ್ಲಿ ಬಣ್ಣಕ್ಕಿಂತ ಬೆರಳಿನಿಂದ ಮುಟ್ಟಿ, ಗಟ್ಟಿಯಾಗಿದೆಯಾ, ಸ್ಪರ್ಶ ಗೊತ್ತಾಗುತ್ತಿದೆಯಾ ಎಂದು ಕೇಳುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿಯುವವರಿಗೆ ಚಳಿ ಸುಡುತ್ತಿರುವುದೇ ತಿಳಿಯುವುದಿಲ್ಲ. ಅವರ ಪಾದ, ಮೀನಖಂಡಕ್ಕೆ ಐಸ್ ಬದಲು ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಕಾಲಿನ ರಕ್ತ ಸಂಚಾರ ಕೆಟ್ಟಿದೆ ಎಂದು ಡಾಕ್ಟರು ಹೇಳಿರುವವರಿಗೂ ಇದೇ ಮಾತು.

ಜೊತೆಗೆ ಮಲಗಿಸಿ ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಡಬೇಕು. ಕ್ರೇಪ್ ಬ್ಯಾಂಡೇಜ್ ಸುತ್ತಬಹುದು, ಆದರೆ ಒಂದು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಇರಲಿ. ಬೆರಳ ತುದಿ ತಣ್ಣಗಾದರೆ, ಜೋಮು ಬಂದರೆ ಬಿಚ್ಚಿಬಿಡಿ.

ತಂಪಿನ ಮಿತಿಯನ್ನೂ ಹೇಳಬೇಕು. ಐಸ್ ಚರ್ಮದ ಹತ್ತಿರದ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ, ನೋವು ಕಡಿಮೆ ಮಾಡುತ್ತದೆ. ತೊಡೆಯ ಆಳದಲ್ಲಿ ಒಡೆದ ನಾಳವನ್ನು ಅದು ಮುಚ್ಚಲಾರದು. ಮಾತ್ರೆಯ ಪ್ರಭಾವವನ್ನು ಇಳಿಸಲಾರದು. ನನಗೆ ಭಯ ಇರುವುದು ಇಲ್ಲೇ. ಐಸ್ ಇಟ್ಟಾಗ ನೋವು ತಗ್ಗುತ್ತದೆ, ಮನೆಯವರು ಸಮಾಧಾನ ಪಡುತ್ತಾರೆ, ಒಳಗೆ ಸೋರಿಕೆ ಸಾಗುತ್ತಲೇ ಇರುತ್ತದೆ.

ಸಾಗುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ನಾವು ಮಾಡಿದ್ದು ಎರಡು ಕೆಲಸ. ಒಂದು ಬಾಲ್ ಪೆನ್ನಿನಿಂದ ಕಂದಿದ ಜಾಗದ ಅಂಚಿನುದ್ದಕ್ಕೂ ಗೆರೆ ಎಳೆದು, ಪಕ್ಕದಲ್ಲಿ ಚರ್ಮದ ಮೇಲೆಯೇ "8.40" ಎಂದು ಬರೆದೆವು. ಇನ್ನೊಂದು, ಬಟ್ಟೆ ಹೊಲಿಯುವ ಟೇಪಿನಿಂದ ಮೊಣಕಾಲು ಚಿಪ್ಪಿನ ಒಂದು ಗೇಣು ಮೇಲೆ ಗುರುತು ಹಾಕಿ, ಎರಡೂ ತೊಡೆಗಳ ಸುತ್ತಳತೆ ಬರೆದಿಟ್ಟೆವು. ಬಲಗಡೆ 45 ಸೆಂಟಿಮೀಟರ್, ಎಡಗಡೆ 47.

ಫೋಟೋ ಒಂದರಿಂದಲೇ ನಿರ್ಧಾರ ಮಾಡುವುದು ಮೋಸ ಹೋಗುವ ದಾರಿ. ತೆಳು ಚರ್ಮದ ಕೆಳಗೆ ಎರಡು ಚಮಚ ರಕ್ತ ಹರಡಿದರೂ ಅದು ಭಯಂಕರವಾಗಿ ಕಾಣುತ್ತದೆ. ತೊಡೆಯ ಸ್ನಾಯುವಿನೊಳಗೆ ಒಂದು ಲೀಟರ್ ರಕ್ತ ಸೇರಿದ್ದರೂ ಮೇಲೆ ಮೊದಲ ದಿನ ಅಂಗೈಯಷ್ಟು ಮಾತ್ರ ಕಾಣಬಹುದು. ದೂರದ ಊರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳು ಅಮ್ಮನ ಫೋಟೋ ನೋಡಿ "ದೊಡ್ಡದೇನಿಲ್ಲ" ಅನ್ನುವುದು, ಇಲ್ಲವೇ ಸುಮ್ನೆ ಗಾಬರಿಯಾಗುವುದು, ಎರಡೂ ನಡೆಯುತ್ತದೆ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಗಂಟೆಯ ಹಿಂದೆ ಇದು ಎಷ್ಟಿತ್ತು?

ಹತ್ತು ಗಂಟೆಗೆ ಕಂದಿದ ಜಾಗ ಗೆರೆಯಾಚೆ ಒಂದು ಬೆರಳು ಹೋಗಿತ್ತು. ಮೊದಲ ಕೆಲವು ಗಂಟೆ ಸ್ವಲ್ಪ ಹರಡುವುದು ಸಹಜ, ಅದರಿಂದಲೇ ಓಡಬೇಕಿಲ್ಲ ಎಂದು ಕಾದೆವು. ಹನ್ನೊಂದಕ್ಕೆ ಮೂರು ಬೆರಳು ದಾಟಿತ್ತು. ಟೇಪು 50 ತೋರಿಸಿತು. ಮುಟ್ಟಿದರೆ ತೊಡೆ ಹದವಾದ ರೊಟ್ಟಿ ಹಿಟ್ಟಿನಂತೆ ಇರದೆ ಹಲಗೆಯಂತೆ ಬಿಗಿದಿತ್ತು, ಚರ್ಮ ಹೊಳೆಯುತ್ತಿತ್ತು. "ಯಾಕೋ ತಲೆ ಹಗುರ ಹಗುರ ಅನ್ಸತ್ತೆ ಕಣೋ, ಉಪವಾಸ ಇದ್ದೀನಲ್ಲ ಅದಕ್ಕೇನೋ," ಅಂದರು ದೊಡ್ಡಮ್ಮ. ಅಂಗೈ ತಣ್ಣಗಿತ್ತು, ಹಣೆಯಲ್ಲಿ ಬೆವರು.

ಅಣ್ಣ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದ. ನಾಡಿ 74. "ನಾರ್ಮಲ್ ಇದೆಯಲ್ಲ," ಅಂದ. ಇಲ್ಲೇ ಅನೇಕರು ಎಡವುತ್ತಾರೆ. ರಕ್ತ ಕಡಿಮೆಯಾದಾಗ ಹೃದಯ ಜೋರಾಗಿ ಬಡಿದು ಸರಿದೂಗಿಸಲು ನೋಡುತ್ತದೆ, ಹಾಗಾಗಿ ಓಡುವ ನಾಡಿ ಒಳರಕ್ತಸ್ರಾವದ ಒಂದು ಗುರುತು. ಆದರೆ ದೊಡ್ಡಮ್ಮ ಮೆಟೊಪ್ರೊಲಾಲ್ ಎಂಬ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಅದು ಬಡಿತವನ್ನು ಏರಲು ಬಿಡುವುದಿಲ್ಲ. ಬಿಪಿಗೆ, ಹೃದಯಕ್ಕೆ ಈ ಜಾತಿಯ ಮಾತ್ರೆ ನುಂಗುವ ಹಿರಿಯರಲ್ಲಿ ನಾಡಿ ಸಾಮಾನ್ಯವಾಗಿದೆ ಎಂದು ಧೈರ್ಯ ತಂದುಕೊಳ್ಳಬಾರದು. ಎದ್ದು ನಿಂತಾಗ ತಲೆ ಸುತ್ತುವುದು, ಮುಖ ಬಿಳಿಚುವುದು, ತಣ್ಣನೆ ಬೆವರು, ಮಂಪರು, ಮೂತ್ರ ಕಡಿಮೆಯಾಗುವುದು, ಇವನ್ನೇ ನೋಡಬೇಕು. ಕುಳಿತಲ್ಲೇ ಬಿಪಿ ನೋಡಿದರೆ 104/62. ಅವರದು ಸದಾ 140ರ ಆಸುಪಾಸು. 104 ಎಂಬ ಸಂಖ್ಯೆ ನನಗೋ ನಿಮಗೋ ಪರವಾಗಿಲ್ಲ, ಅವರಿಗೆ ಅದು ಕುಸಿತ. 108ಕ್ಕೆ ಫೋನ್ ಮಾಡಿದೆವು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಮೂರು: ಯಾವ ಮಾತ್ರೆ, ಕೊನೆಯ ಬಾರಿ ಎಷ್ಟು ಹೊತ್ತಿಗೆ ನುಂಗಿದ್ದು, ತಲೆ ತಗುಲಿತಾ. ಆಮೇಲೆ ಎಕ್ಸ್‌ರೇ. ಸೊಂಟದ ಕೀಲಿನ ಎಲುಬು ಮುರಿದಿರಲಿಲ್ಲ. ನಡೆದಾಡಿದರು ಅಂದ ಮಾತ್ರಕ್ಕೆ ಎಲುಬು ಸರಿಯಿದೆ ಎಂದಲ್ಲ, ಬಿರುಕು ಬಿಟ್ಟ ಎಲುಬು ಒಂದರೊಳಗೊಂದು ಹೊಕ್ಕು ಕೂತಿದ್ದರೆ ಕೆಲವರು ಕುಂಟುತ್ತಾ ಓಡಾಡುತ್ತಾರೆ. ಕಾಲು ಊರಲು ಆಗದಿದ್ದರೆ, ಪಾದ ಹೊರಕ್ಕೆ ತಿರುಗಿ ಆ ಕಾಲು ಗಿಡ್ಡವಾದಂತೆ ಕಂಡರೆ ಮನೆಯಲ್ಲಿ ಎತ್ತಿ ನಡೆಸಲು ಹೋಗಲೇಬಾರದು.

ಮೊದಲ ಹಿಮೋಗ್ಲೋಬಿನ್ 11.6 ಬಂತು. ಅಣ್ಣ ನಿಟ್ಟುಸಿರು ಬಿಟ್ಟ. ಡಾಕ್ಟರು ಬಿಡಲಿಲ್ಲ. ರಕ್ತ ಸೋರಿದ ಕೂಡಲೇ ಈ ಸಂಖ್ಯೆ ಇಳಿಯುವುದಿಲ್ಲ. ಹೋದ ರಕ್ತದ ಜೊತೆ ಎಲ್ಲ ಅಂಶವೂ ಒಟ್ಟಿಗೇ ಹೋಗಿರುತ್ತದಲ್ಲವಾ, ಉಳಿದ ರಕ್ತ ಹದದಲ್ಲಿ ಹಾಗೆಯೇ ಇರುತ್ತದೆ. ಮೈಯ ನೀರು ನಾಳಕ್ಕೆ ಸೇರಿದ ಮೇಲೆ, ಇಲ್ಲವೇ ಸಲೈನ್ ಏರಿಸಿದ ಮೇಲೆ ನಿಜ ಗೊತ್ತಾಗುತ್ತದೆ. ಆರು ಗಂಟೆ ಬಿಟ್ಟು ಮತ್ತೆ ತೆಗೆದಾಗ 9.2 ಇತ್ತು. ಐಎನ್‌ಆರ್ 6.4. ಇರಬೇಕಾದ್ದರ ಎರಡರಷ್ಟು ಮೇಲೆ.

ಇದು ಹೇಗೆ ಏರಿತು? ನಾಲ್ಕು ವರ್ಷದಿಂದ ಸರಿಯಾಗಿತ್ತಲ್ಲ. ಹಿಂದಿನ ವಾರ ದೊಡ್ಡಮ್ಮನಿಗೆ ಭೇದಿ ಆಗಿತ್ತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಐದು ದಿನಕ್ಕೆ ಮೆಟ್ರೊನಿಡಜೋಲ್ ಕೊಟ್ಟಿದ್ದರು. ಅಸಿಟ್ರಾಮ್ ವಿಷಯ ಅಲ್ಲಿ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಮೆಟ್ರೊನಿಡಜೋಲ್ ಈ ಗುಂಪಿನ ಮಾತ್ರೆಗಳು ಮೈಯಿಂದ ಹೋಗುವುದನ್ನು ತಡೆಯುತ್ತದೆ. ಕೊಟ್ರಿಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಇವೂ ಹೀಗೆಯೇ. ಅದರ ಜೊತೆಗೆ ಐದು ದಿನ ಗಂಜಿ ಬಿಟ್ಟರೆ ಬೇರೇನೂ ತಿಂದಿರಲಿಲ್ಲ. ಸೊಪ್ಪು ತರಕಾರಿಯಿಂದ ಬರುವ ವಿಟಮಿನ್ ಕೆ ಕಡಿಮೆಯಾದಾಗಲೂ ಐಎನ್‌ಆರ್ ಮೇಲೇರುತ್ತದೆ. ಭೇದಿಯಿಂದ ನಿತ್ರಾಣವಾಗಿ ಕಾಲು ಜಾರಿತು, ಭೇದಿಯ ಔಷಧಿಯಿಂದ ರಕ್ತ ನಿಲ್ಲಲಿಲ್ಲ. ಆ ವಾರದ ಮಧ್ಯದಲ್ಲಿ ಒಂದು ಐಎನ್‌ಆರ್ ಮಾಡಿಸಿದ್ದರೆ ಮಾತ್ರೆಯ ಅಳತೆ ತಗ್ಗಿಸುತ್ತಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಸಿಟ್ರಾಮ್ ನಿಲ್ಲಿಸಿ, ರಕ್ತನಾಳದ ಮೂಲಕ ವಿಟಮಿನ್ ಕೆ ಕೊಟ್ಟರು. ಅದು ಕೆಲಸ ಮಾಡಲು ಹಲವು ಗಂಟೆ ಬೇಕು, ಆದ್ದರಿಂದ ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ಲಾಸ್ಮಾವನ್ನೂ ಏರಿಸಿದರು. ಮರುದಿನ ಬೆಳಿಗ್ಗೆ ಟೇಪು 51ಕ್ಕೆ ನಿಂತಿತ್ತು.

ದೊಡ್ಡಮ್ಮನಿಗೆ ಬಂದದ್ದು ತೊಡೆಗೆ, ತೊಡೆಯಲ್ಲಿ ಜಾಗ ದೊಡ್ಡದು. ಅದೇ ಪೆಟ್ಟು ಮೊಣಕಾಲಿನ ಕೆಳಗೆ ಬಿದ್ದಿದ್ದರೆ ಅಪಾಯದ ರೂಪ ಬೇರೆ. ಮೀನಖಂಡದ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಯೊಳಗೆ ಇರುತ್ತವೆ. ಅಲ್ಲಿ ಸೇರಿದ ರಕ್ತ ಒಳಗಿನಿಂದ ಒತ್ತಿ ಸ್ನಾಯುವಿಗೆ, ನರಕ್ಕೆ ರಕ್ತ ಸಿಗದಂತೆ ಮಾಡುತ್ತದೆ. ಆಗ ಕಂದಿನ ಗಾತ್ರಕ್ಕೆ ಹೊಂದದಷ್ಟು ನೋವು ಬರುತ್ತದೆ. ಕಾಲ್ಬೆರಳನ್ನು ನೀವು ಮೆಲ್ಲಗೆ ಮೇಲಕ್ಕೆ ಬಗ್ಗಿಸಿದರೆ ಅವರು ಚೀರುತ್ತಾರೆ. ಜೋಮು ಹಿಡಿಯುತ್ತದೆ. ಇದಕ್ಕೆ ಗಂಟೆಗಳ ಲೆಕ್ಕ, ರಾತ್ರಿ ಕಳೆಯಲಿ ಅನ್ನುವಂತಿಲ್ಲ. ಇಂಥ ಅನುಮಾನ ಬಂದಾಗ ಬ್ಯಾಂಡೇಜ್ ಬಿಚ್ಚಿ, ಐಸ್ ತೆಗೆದು, ಕಾಲನ್ನು ಎತ್ತರದಲ್ಲಿಡದೆ ಎದೆಯ ಮಟ್ಟಕ್ಕೆ ಇಟ್ಟು ಹೊರಡಬೇಕು. ಇನ್ನು ಮೊಣಕಾಲಿನ ಕೆಳಗಿನ ಮುಂಭಾಗ. ಅಲ್ಲಿ ಎಲುಬಿನ ಮೇಲೆ ಬರೀ ಚರ್ಮ. ಕೆಳಗೆ ರಕ್ತದ ಗಡ್ಡೆ ಕಟ್ಟಿದರೆ ಆ ಚರ್ಮವೇ ಸಾಯಬಹುದು. ಗುಳ್ಳೆ ಏಳುವುದು, ಕಪ್ಪಗೆ ಗಟ್ಟಿಯಾಗುವುದು ಅದರ ಗುರುತು. ಆ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ರಕ್ತ ತೆಗೆಯಲು ಯಾರೂ ಮನೆಯಲ್ಲಿ ಕೈ ಹಾಕಬಾರದು.

ಕಣ್ಣಿಗೆ ಏನೂ ಕಾಣದ ಜಾಗವೂ ಇದೆ. ಕುಂಡೆ ಊರಿ ಬಿದ್ದವರಿಗೆ ಹೊಟ್ಟೆಯ ಹಿಂಭಾಗದ ಸ್ನಾಯುವಿನಲ್ಲಿ ರಕ್ತ ಸೇರಬಹುದು. ಪಕ್ಕೆ, ಸೊಂಟ ಅಥವಾ ತೊಡೆಸಂದಿನಲ್ಲಿ ನೋವು, ಮಲಗಿದಲ್ಲಿ ಕಾಲು ಮೇಲೆತ್ತಲು ಆಗದಿರುವುದು, ಜೊತೆಗೆ ತಲೆಸುತ್ತು ಬಂದರೆ ಚರ್ಮದ ಮೇಲೆ ಕಂದು ಕಾಣಲಿ ಎಂದು ಕಾಯಬಾರದು.

ತಲೆಯ ವಿಷಯದಲ್ಲಿ ಗೆರೆ, ಟೇಪು, ಐಸ್ ಯಾವುದೂ ಲೆಕ್ಕಕ್ಕಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆ ತಗುಲಿದರೆ, ಮೇಲೆ ಬುಗುಟು ಇರಲಿ ಬಿಡಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ಇಂಥವರಿಗೆ ಪೆಟ್ಟು ಬಿದ್ದ 8 ಗಂಟೆಯೊಳಗೆ ಸಿಟಿ ಸ್ಕ್ಯಾನ್ ಮಾಡುವುದನ್ನು ಪರಿಗಣಿಸಿ ಎನ್ನುತ್ತದೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಮಾತು ತೊದಲುವುದು ಇದ್ದರೆ ಗಂಟೆಯ ಲೆಕ್ಕವೂ ಬೇಡ, ತಕ್ಷಣ 108. ಬಿದ್ದದ್ದನ್ನು ಯಾರೂ ನೋಡಿಲ್ಲ, ಅವರಿಗೂ ಸರಿಯಾಗಿ ನೆನಪಿಲ್ಲ ಅಂದರೆ ತಲೆ ತಗುಲಿದೆ ಎಂದೇ ತಿಳಿಯುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ ಎಲ್ಲ ಮನೆಯಲ್ಲೂ ಏಳುತ್ತದೆ. ರಾತ್ರಿಯ ಮಾತ್ರೆ ಕೊಡೋದಾ, ಬೇಡವಾ? ತಾವಾಗಿ ನಿಲ್ಲಿಸಿ ದಿನಗಟ್ಟಲೆ ಹಾಗೇ ಬಿಡುವುದು ಅಪಾಯ. ಅಸಿಟ್ರಾಮ್ ಕೊಟ್ಟಿರುವುದೇ ಹೃದಯದಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯದಿರಲಿ ಎಂದು. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು. ಕಂದು ಚಿಕ್ಕದಾಗಿ, ಗೆರೆಯೊಳಗೆ ನಿಂತಿದ್ದರೆ ಸಾಮಾನ್ಯವಾಗಿ ಮಾತ್ರೆ ಎಂದಿನಂತೆ ಮುಂದುವರಿಯುತ್ತದೆ. ಬೆಳೆಯುತ್ತಿದ್ದರೆ, ತಲೆ ತಗುಲಿದ್ದರೆ, ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಡಾಕ್ಟರನ್ನು ಕೇಳಬೇಕು. ನೋವಿಗೆ ಪ್ಯಾರಾಸಿಟಮಾಲ್ 500 ಆರು ಗಂಟೆಗೊಂದು ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಬೇಡವೇ ಬೇಡ, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವಿನ ಮಾತ್ರೆ" ಅಂತ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಇವೇ. ಪ್ಯಾರಾಸಿಟಮಾಲ್ ಕೂಡ ಹಲವು ದಿನ ಸತತವಾಗಿ ಬೇಕಾದರೆ ಐಎನ್‌ಆರ್ ನೋಡುವವರಿಗೆ ಹೇಳಬೇಕು.

ದೊಡ್ಡಮ್ಮ ನಾಲ್ಕನೇ ದಿನ ಮನೆಗೆ ಬಂದರು. ಆರನೇ ದಿನ ಅತ್ತಿಗೆ ಮತ್ತೆ ಗಾಬರಿಯಿಂದ ಕರೆದರು. ಕಂದಿದ ಬಣ್ಣ ಮೊಣಕಾಲು ದಾಟಿ ಮೀನಖಂಡಕ್ಕೆ ಇಳಿದಿತ್ತು. ಟೇಪು ಹಿಡಿದರೆ ತೊಡೆ 48ಕ್ಕೆ ಇಳಿದಿದೆ, ಮೆತ್ತಗಾಗಿದೆ, ತಲೆಸುತ್ತಿಲ್ಲ. ಇದು ಹೊಸ ಸೋರಿಕೆಯಲ್ಲ. ಹಳೆಯ ರಕ್ತ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ, ಹಣೆಗೆ ಪೆಟ್ಟು ಬಿದ್ದವರಿಗೆ ಎರಡು ದಿನದ ಮೇಲೆ ಕಣ್ಣಿನ ಸುತ್ತ ಕಪ್ಪಾಗುವ ಹಾಗೆ. ನೇರಳೆ ಬಣ್ಣ ಹಸಿರಾಯಿತು, ಮೂರನೇ ವಾರಕ್ಕೆ ಹಳದಿ. ತೊಡೆಯಲ್ಲಿ ನಿಂಬೆಗಾತ್ರದ ಗಟ್ಟಿ ಗಂಟೊಂದು ಎರಡು ತಿಂಗಳು ಉಳಿದಿತ್ತು, ಆಮೇಲೆ ತಾನೇ ಕರಗಿತು.

ಅಸಿಟ್ರಾಮ್ ಹತ್ತನೇ ದಿನ ಮತ್ತೆ ಶುರುವಾಯಿತು. ಮೊದಲ ತಿಂಗಳು ವಾರಕ್ಕೊಮ್ಮೆ ಐಎನ್‌ಆರ್. ಅತ್ತಿಗೆ ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ದೊಡ್ಡಮ್ಮನ ಪರ್ಸಿನಲ್ಲಿ ಇಟ್ಟಿದ್ದಾರೆ. ಹೋದ ತಿಂಗಳು ಹಲ್ಲು ನೋವಿಗೆ ಹೋದಾಗ ದೊಡ್ಡಮ್ಮ ಬಾಯಿ ತೆರೆಯುವ ಮೊದಲು ಆ ಚೀಟಿ ತೆಗೆದು ಕೊಟ್ಟರಂತೆ. ಅಲ್ಲಿ ಬರೆಯಲು ಹೊರಟಿದ್ದ ಮೆಟ್ರೊನಿಡಜೋಲನ್ನು ಡಾಕ್ಟರು ಹೊಡೆದು ಹಾಕಿ ಬೇರೆ ಮಾತ್ರೆ ಬರೆದರು.